‘ನಿರ್ವಹಣಾ ವಿಭಾಗ’ ಅಂದರೆ ಯಾವುದು? ಕಂಪನಿಯ ಹುದ್ದೆ, ವಿಭಾಗಗಳಿಗೆ ಕನ್ನಡ ಪದ ಗೊತ್ತುಮಾಡುವ ಬಗೆ

(ಬೆಳಗಾವಿಯಲ್ಲಿ ಕಾರ್ಖಾನೆಗಳ ಮಾನವ ಸಂಪನ್ಮೂಲ ವಿಭಾಗದವರು ಮತ್ತು ಅನುವಾದಕರ ಎದುರು ನೀಡಿದ ಉಪನ್ಯಾಸದ ಬರಹ ರೂಪ)

ಉದ್ಯಮಬಾಗದಲ್ಲೋ ಮಚ್ಛೆಯಲ್ಲೋ ಇರುವ ಒಂದು ಬಹುರಾಷ್ಟ್ರೀಯ ಕಂಪನಿಯ ಶಾಖೆಯನ್ನು ಕಣ್ಣಮುಂದೆ ತಂದುಕೊಳ್ಳಿ. ಯಂತ್ರಗಳನ್ನು ನೋಡಿಕೊಳ್ಳುವ ವಿಭಾಗದ ಬಾಗಿಲ ಮೇಲೆ ‘ನಿರ್ವಹಣಾ ವಿಭಾಗ’ ಎಂದಿದೆ. ಸೂಚನಾ ಫಲಕದ ಸುತ್ತೋಲೆಯಲ್ಲಿ ಅದೇ ವಿಭಾಗ ‘ದುರಸ್ತಿ ವಿಭಾಗ’ ಆಗಿದೆ. ತುರ್ತು ಫೋನ್ ನಂಬರುಗಳ ಹಾಳೆಯಲ್ಲಿ ‘ಮೇಂಟೆನನ್ಸ್’ ಎಂದು ಬರೆದಿದ್ದಾರೆ. ಇರುವುದು ಒಂದೇ ವಿಭಾಗ, ಒಂದೇ ಕೋಣೆ, ಅದೇ ಎಂಟು ಹತ್ತು ಜನ. ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗನಿಗೆ ಮಾತ್ರ ಅವು ಮೂರು ವಿಭಾಗ.

ಹೀಗಾಗಲು ಯಾರ ಅಸಡ್ಡೆಯೂ ಕಾರಣವಲ್ಲ. ಬಾಗಿಲ ಫಲಕವನ್ನು ಫಲಕ ಬರೆಯುವವರು ಮಾಡಿಕೊಟ್ಟರು, ಸುತ್ತೋಲೆಯನ್ನು ಹೊರಗಿನ ಅನುವಾದಕರು ಮಾಡಿದರು, ಫೋನ್ ಹಾಳೆಯನ್ನು ಗೇಟಿನವರೇ ಬರೆದುಕೊಂಡರು. ನಾಮಫಲಕದ ಶೇಕಡಾ 60 ಭಾಗ ಕನ್ನಡದಲ್ಲಿರಬೇಕು ಎಂಬ 2024ರ ತಿದ್ದುಪಡಿ ಬಂದ ಮೇಲೆ ಗೇಟಿನ ಹೊರಗಿನ ಫಲಕಗಳನ್ನು ಎಲ್ಲರೂ ಬದಲಾಯಿಸಿದರು. ಹೊರಗಿನ ಫಲಕದಲ್ಲಿ ಇರುವುದು ಕಂಪನಿಯ ಹೆಸರು ಮಾತ್ರ, ಅದು ಸುಲಭ. ಒಳಗಿನ ಆರ್ಗ್ ಚಾರ್ಟ್, ಅಂದರೆ ಯಾರ ಕೆಳಗೆ ಯಾರು ಎಂದು ಚೌಕಗಳಲ್ಲಿ ತೋರಿಸುವ ನಕ್ಷೆ, ಕನ್ನಡಕ್ಕೆ ಬರುವಾಗಲೇ ತೊಡಕು ಶುರುವಾಗುತ್ತದೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುವ ಹಾಗೆ ಒಬ್ಬೊಬ್ಬರು ಒಂದೊಂದು ಪದ ಹಾಕುತ್ತಾರೆ.

ಮೊದಲು ಮಾಡಬೇಕಾದ ಕೆಲಸ ಹೇಳುತ್ತೇನೆ. ಚಾರ್ಟಿನಲ್ಲಿರುವ ಚೌಕಗಳನ್ನು ಒಂದೊಂದಾಗಿ ಅನುವಾದಿಸಲು ಕೂರಬೇಡಿ. ಚೌಕಗಳನ್ನು ಬಿಡಿಸಿ, ಪದಗಳನ್ನು ಹೊರತೆಗೆಯಿರಿ. ಅರವತ್ತು ಚೌಕಗಳ ಚಾರ್ಟ್ ಇದೆ ಎಂದಿಟ್ಟುಕೊಳ್ಳೋಣ. ಅದರಲ್ಲಿ ಅರವತ್ತು ಹೆಸರು ಇರುತ್ತವೆ, ಆದರೆ ಅರವತ್ತು ಪದ ಇರುವುದಿಲ್ಲ. ‘ಡೆಪ್ಯುಟಿ ಮ್ಯಾನೇಜರ್ ಪರ್ಚೇಸ್’, ‘ಡೆಪ್ಯುಟಿ ಮ್ಯಾನೇಜರ್ ಕ್ವಾಲಿಟಿ’, ‘ಸೀನಿಯರ್ ಎಂಜಿನಿಯರ್ ಕ್ವಾಲಿಟಿ’ ಈ ಮೂರನ್ನು ಬಿಡಿಸಿದರೆ ಡೆಪ್ಯುಟಿ, ಸೀನಿಯರ್ ಎಂಬ ಮಟ್ಟದ ಪದಗಳು, ಮ್ಯಾನೇಜರ್, ಎಂಜಿನಿಯರ್ ಎಂಬ ಹುದ್ದೆಯ ಪದಗಳು, ಪರ್ಚೇಸ್, ಕ್ವಾಲಿಟಿ ಎಂಬ ಕೆಲಸದ ಪದಗಳು ಸಿಗುತ್ತವೆ. ಅರವತ್ತು ಚೌಕವನ್ನೂ ಹೀಗೆ ಬಿಡಿಸಿದರೆ ಕೈಗೆ ಬರುವುದು ಹೆಚ್ಚೆಂದರೆ ಮೂವತ್ತು ಮೂವತ್ತೈದು ಪದ. ನೀವು ತೀರ್ಮಾನ ಮಾಡಬೇಕಾದದ್ದು ಅಷ್ಟಕ್ಕೇ. ಅವನ್ನು ಒಮ್ಮೆ ಗಟ್ಟಿಮಾಡಿಕೊಂಡರೆ ಚೌಕಗಳು ತಾವಾಗಿಯೇ ತುಂಬಿಕೊಳ್ಳುತ್ತವೆ. ಮುಂದಿನ ವರ್ಷ ಹತ್ತು ಹೊಸ ಹುದ್ದೆ ಬಂದರೂ ಹೊಸ ಪದ ಬೇಕಾಗುವುದು ಒಂದೋ ಎರಡೋ.

ಈ ಮೂವತ್ತು ಪದಗಳಿಗೆ ನಿಯಮ ಎರಡೇ. ಒಂದು ಇಂಗ್ಲಿಷ್ ಪದಕ್ಕೆ ಎಲ್ಲ ಕಡೆ ಒಂದೇ ಕನ್ನಡ ಪದ ಇರಬೇಕು. ಇದು ಎಲ್ಲರಿಗೂ ಗೊತ್ತು. ಎರಡನೆಯದನ್ನು ಹೆಚ್ಚಿನವರು ಮರೆಯುತ್ತಾರೆ: ಒಂದು ಕನ್ನಡ ಪದ ಎರಡು ಇಂಗ್ಲಿಷ್ ಪದಗಳ ಜಾಗದಲ್ಲಿ ಕೂರಬಾರದು. ನಿಜವಾದ ಗೊಂದಲವೆಲ್ಲ ಈ ಎರಡನೆಯದನ್ನು ತಪ್ಪಿದಾಗಲೇ ಹುಟ್ಟುತ್ತದೆ. ಯಾಕೆಂದರೆ ಮೊದಲನೆಯ ತಪ್ಪು ಕಣ್ಣಿಗೆ ಬೀಳುತ್ತದೆ, ಎರಡನೆಯದು ಬೀಳುವುದಿಲ್ಲ. ಪ್ರತಿ ಚೌಕವನ್ನೂ ಬೇರೆಯಾಗಿ ನೋಡಿದರೆ ಎಲ್ಲವೂ ಸರಿಯಾಗಿಯೇ ಕಾಣುತ್ತವೆ.

‘ನಿರ್ವಹಣೆ’ಯನ್ನೇ ತೆಗೆದುಕೊಳ್ಳೋಣ. ರಸ್ತೆ ನಿರ್ವಹಣೆ ಅಂದಾಗ ಅದು ಮೇಂಟೆನನ್ಸ್. ವಿಪತ್ತು ನಿರ್ವಹಣೆ ಅಂದಾಗ ಅದು ಮ್ಯಾನೇಜ್‌ಮೆಂಟ್. ಕನ್ನಡದಲ್ಲಿ ಎರಡೂ ಸರಿ, ಎರಡೂ ಬಳಕೆಯಲ್ಲಿವೆ. ಕಾರ್ಖಾನೆಯಲ್ಲಿ ಮಾತ್ರ ಎರಡೂ ಒಂದೇ ಚಾರ್ಟಿನಲ್ಲಿ ಅಕ್ಕಪಕ್ಕ ಬರುತ್ತವೆ. ‘ನಿರ್ವಹಣಾ ವಿಭಾಗದ ಅನುಮತಿ ಪಡೆಯಬೇಕು’ ಎಂಬ ಸಾಲು ಸುತ್ತೋಲೆಯಲ್ಲಿದ್ದರೆ, ಫಿಟ್ಟರುಗಳ ಕೋಣೆಗೆ ಹೋಗಿ ಕೇಳಬೇಕೋ, ಮೇಲಿನ ಮಹಡಿಯ ಸಾಹೇಬರನ್ನು ಕೇಳಬೇಕೋ? ಓದಿದವನಿಗೆ ತಿಳಿಯುವುದಿಲ್ಲ. ಆತ ಕೇಳುವುದೂ ಇಲ್ಲ, ತನಗೆ ತೋಚಿದ ಹಾಗೆ ಮಾಡಿಬಿಡುತ್ತಾನೆ.

ಹಾಗಾದರೆ ಮೇಂಟೆನನ್ಸ್‌ಗೆ ಏನು ಹೇಳಬೇಕು? ಒಂದೊಂದಾಗಿ ನೋಡೋಣ. ‘ದುರಸ್ತಿ’ ಎಲ್ಲರಿಗೂ ಗೊತ್ತಿರುವ ಪದ. ಆದರೆ ದುರಸ್ತಿ ಆಗುವುದು ಕೆಟ್ಟ ಮೇಲೆ. ಈ ವಿಭಾಗದ ದೊಡ್ಡ ಕೆಲಸ ಕೆಡದ ಹಾಗೆ ನೋಡಿಕೊಳ್ಳುವುದು: ಎಣ್ಣೆ ಬದಲಾಯಿಸುವುದು, ಬೇರಿಂಗಿನ ಸದ್ದು ಕೇಳುವುದು, ಓಡಿದ ಗಂಟೆಗಳ ಲೆಕ್ಕದಲ್ಲಿ ಬೆಲ್ಟ್ ಬದಲಿಸುವುದು. ಇಂಗ್ಲಿಷಿನಲ್ಲಿ ಪ್ರಿವೆಂಟಿವ್ ಮೇಂಟೆನನ್ಸ್ ಎನ್ನುವುದನ್ನು ‘ಮುಂಜಾಗ್ರತಾ ದುರಸ್ತಿ’ ಎಂದು ಬರೆದರೆ ಕೆಡದೇ ಇರುವುದನ್ನು ರಿಪೇರಿ ಮಾಡಿದ ಹಾಗಾಗುತ್ತದೆ. ಹಾಗಾಗಿ ದುರಸ್ತಿಯನ್ನು ರಿಪೇರಿಗೇ ಮೀಸಲಿಡಿ. ಬ್ರೇಕ್‌ಡೌನ್ ತಂಡ ಬೇರೆ ಇದ್ದರೆ ಅದಕ್ಕೆ ಆ ಪದ ಬೇಕಾಗುತ್ತದೆ.

ಇನ್ನೊಂದು ಪದ ನಮ್ಮ ಕಣ್ಣೆದುರಿಗೇ ಇದೆ. ಹೆಸ್ಕಾಂ ಕಚೇರಿಗೆ ಹೋಗಿದ್ದರೆ ‘ಕಾರ್ಯ ಮತ್ತು ಪಾಲನೆ’ ಎಂಬ ಫಲಕ ನೋಡಿರುತ್ತೀರಿ. ಆಪರೇಷನ್ ಅಂಡ್ ಮೇಂಟೆನನ್ಸ್ ಎನ್ನುವುದಕ್ಕೆ ವಿದ್ಯುತ್ ಕಂಪನಿಗಳು ಇಟ್ಟುಕೊಂಡ ಹೆಸರು ಅದು. ಎಷ್ಟೋ ವರ್ಷಗಳಿಂದ ನಮ್ಮ ಕರೆಂಟ್ ಬಿಲ್ಲಿನ ಲೋಕದಲ್ಲಿ ಓಡಾಡುತ್ತಿರುವ ಪದ. ‘ಪಾಲನೆ’ಯಲ್ಲಿ ಕಾಪಾಡಿಕೊಂಡು ಬರುವ ಅರ್ಥವಿದೆ, ಕೆಟ್ಟ ಮೇಲೆ ಸರಿಮಾಡುವ ಅರ್ಥವಿಲ್ಲ. ನಮಗೆ ಬೇಕಾದದ್ದೂ ಅದೇ. ಆದರೆ ಬರೀ ‘ಪಾಲನಾ ವಿಭಾಗ’ ಎಂದಿಟ್ಟರೆ ಇನ್ನೊಂದು ಕಡೆ ತಾಗುತ್ತದೆ. ಕಾನೂನು ಪಾಲನೆ, ನಿಯಮ ಪಾಲನೆ ಎನ್ನುತ್ತೇವಲ್ಲ, ಅದು ಕಂಪ್ಲಯನ್ಸ್. ಬಹುರಾಷ್ಟ್ರೀಯ ಕಂಪನಿಯಲ್ಲಿ ಕಂಪ್ಲಯನ್ಸ್ ವಿಭಾಗವೂ ಇದ್ದೇ ಇರುತ್ತದೆ. ಆದ್ದರಿಂದ ಮೇಂಟೆನನ್ಸ್‌ಗೆ ‘ಯಂತ್ರ ಪಾಲನೆ’, ಕಂಪ್ಲಯನ್ಸ್‌ಗೆ ‘ನಿಯಮ ಅನುಸರಣೆ’ ಎಂದು ಮಾಡಿ, ‘ನಿರ್ವಹಣೆ’ಯನ್ನು ಮ್ಯಾನೇಜ್‌ಮೆಂಟ್ ಅರ್ಥಕ್ಕೆ ಬಿಟ್ಟುಕೊಡಬೇಕು ಎನ್ನುವುದು ನನ್ನ ಅಭಿಪ್ರಾಯ. ಕಟ್ಟಡ, ಹುಲ್ಲುಹಾಸು, ನೀರಿನ ಪೈಪು ನೋಡಿಕೊಳ್ಳುವವರು ಬೇರೆ ಇದ್ದರೆ ‘ಕಟ್ಟಡ ಪಾಲನೆ’. ಒಂದು ಪದ ನೆಟ್ಟಗೆ ನಿಂತರೆ ಪಕ್ಕದ ಪದಕ್ಕೂ ದಾರಿಯಾಗುತ್ತದೆ.

ಇಲ್ಲಿ ಒಬ್ಬರು ಕೇಳಬಹುದು: ಶಾಪ್‌ನಲ್ಲಿ ಎಲ್ಲರೂ ‘ಮೇಂಟೆನನ್ಸ್‌ದವರಿಗೆ ಫೋನ್ ಹಚ್ರಿ’ ಅಂತಾರೆ, ಅದನ್ನೇ ಕನ್ನಡ ಅಕ್ಷರದಲ್ಲಿ ಬರೆದರೆ ಆಗದೇ? ಆಗುತ್ತದೆ. ಎರವಲು ಪದ ಬಳಸುವುದರಲ್ಲಿ ತಪ್ಪಿಲ್ಲ. ಆಪರೇಟರ್, ಫಿಟ್ಟರ್, ಟರ್ನರ್, ವೆಲ್ಡರ್, ಟೂಲ್ ರೂಮ್ ಇವುಗಳಿಗೆ ಕನ್ನಡ ಪದ ಹುಟ್ಟಿಸಲು ಹೋಗಬಾರದು ಎಂದೇ ನಾನು ಹೇಳುತ್ತೇನೆ. ಐಟಿಐ ಪ್ರಮಾಣಪತ್ರದಲ್ಲಿ ಫಿಟ್ಟರ್ ಎಂದು ಓದಿ ಬಂದವನಿಗೆ ‘ಜೋಡಣೆಗಾರ’ ಎಂದು ಗುರುತಿನ ಚೀಟಿ ಕೊಟ್ಟರೆ ಅವನ ವೃತ್ತಿಯನ್ನೇ ಅಳಿಸಿದ ಹಾಗೆ. ತೀರ್ಮಾನ ಯಾವುದಾದರೂ ಆಗಲಿ, ಬಾಗಿಲಿಗೂ ಸುತ್ತೋಲೆಗೂ ಫೋನ್ ಹಾಳೆಗೂ ಒಂದೇ ಇರಲಿ. ‘ಮೇಂಟೆನನ್ಸ್’ ಎಂದು ಗೊತ್ತುಮಾಡಿದರೆ ಮೂರೂ ಕಡೆ ಮೇಂಟೆನನ್ಸ್ ಎಂದೇ ಬರೆಯಿರಿ.

ಎರಡನೆಯ ಉದಾಹರಣೆ ಇದಕ್ಕಿಂತ ಗಂಭೀರವಾದದ್ದು. ಸೇಫ್ಟಿ ಮತ್ತು ಸೆಕ್ಯುರಿಟಿ.

ಕನ್ನಡದಲ್ಲಿ ಸೇಫ್ಟಿಗೆ ‘ಸುರಕ್ಷತೆ’, ಸೆಕ್ಯುರಿಟಿಗೆ ‘ಭದ್ರತೆ’ ಎಂಬ ಬಳಕೆ ತಕ್ಕಮಟ್ಟಿಗೆ ನೆಲೆಯೂರಿದೆ. ರಸ್ತೆ ಸುರಕ್ಷತೆ, ಸಾಮಾಜಿಕ ಭದ್ರತೆ ಎನ್ನುತ್ತೇವೆ. ಆದರೆ ಬೆಳಗಾವಿಯಲ್ಲಿ ಒಂದು ಸಂಗತಿಯನ್ನು ಮರೆಯುವಂತಿಲ್ಲ. ನಮ್ಮ ಕಾರ್ಖಾನೆಗಳಲ್ಲಿ ಮರಾಠಿ ಮನೆಮಾತಿನವರು ಬಹಳ ಜನ. ಮರಾಠಿಯಲ್ಲಿ ‘ಸುರಕ್ಷಾ’ ಎಂಬ ಪದ ಎರಡಕ್ಕೂ ನಡೆಯುತ್ತದೆ, ಕಾವಲುಗಾರನೂ ‘ಸುರಕ್ಷಾ ರಕ್ಷಕ’ನೇ. ಹಾಗಾಗಿ ‘ಸುರಕ್ಷಾ ಅಧಿಕಾರಿ’ ಎಂದು ಫಲಕ ಹಾಕಿದರೆ ಓದುಗರಲ್ಲಿ ಅರ್ಧ ಜನಕ್ಕೆ ಗೇಟಿನವರು ನೆನಪಾಗುತ್ತಾರೆ. ಪ್ರೆಸ್ಸಿನಲ್ಲಿ ಕೈ ಸಿಕ್ಕಿಕೊಂಡಾಗ, ರಾಸಾಯನಿಕ ಚೆಲ್ಲಿದಾಗ ಕರೆಯಬೇಕಾದವರು ಸೇಫ್ಟಿ ಆಫೀಸರ್. ಗೊತ್ತಿಲ್ಲದವರು ಒಳಗೆ ನುಗ್ಗಿದಾಗ ಕರೆಯಬೇಕಾದವರು ಸೆಕ್ಯುರಿಟಿ ಆಫೀಸರ್. ಆ ಹೊತ್ತಿನಲ್ಲಿ ಹಾಳೆ ಓದಿ ಅರ್ಥ ಯೋಚಿಸುವಷ್ಟು ಸಮಯ ಯಾರಿಗಿರುತ್ತದೆ?

ನನ್ನ ಸಲಹೆ ಹೀಗೆ. ‘ಸುರಕ್ಷಾ’ ಎಂಬ ರೂಪವನ್ನು ಪಟ್ಟಿಯಿಂದಲೇ ತೆಗೆದುಹಾಕಿ. ಸೇಫ್ಟಿಗೆ ‘ಸುರಕ್ಷತೆ’ ಎಂದು ಪೂರ್ತಿಯಾಗಿ ಬರೆಯಿರಿ, ಸೆಕ್ಯುರಿಟಿಗೆ ‘ಭದ್ರತೆ’. ತುರ್ತು ಹಾಳೆಯಲ್ಲಿ ಹುದ್ದೆಯ ಹೆಸರಷ್ಟೇ ಸಾಲದು, ಪಕ್ಕದಲ್ಲಿ ಕೆಲಸವನ್ನೂ ಬರೆಯಿರಿ: ‘ಸುರಕ್ಷತಾ ಅಧಿಕಾರಿ – ಅಪಘಾತ, ಬೆಂಕಿ, ಸೋರಿಕೆ’, ‘ಭದ್ರತಾ ಅಧಿಕಾರಿ – ಗೇಟು, ಕಳ್ಳತನ, ಹೊರಗಿನವರು’. ನಾಲ್ಕು ಪದ ಹೆಚ್ಚಾದರೂ ತೊಂದರೆಯಿಲ್ಲ. ‘ಸುರಕ್ಷಿತ ಅಧಿಕಾರಿ’ ಎಂದು ಬರೆದಿರುವ ಫಲಕಗಳೂ ಇವೆ. ಆ ಪದಕ್ಕೆ ಅಪಾಯವಿಲ್ಲದೆ ಇರುವ ಅಧಿಕಾರಿ ಎಂದು ಅರ್ಥ, ಅಪಾಯ ತಪ್ಪಿಸುವವರು ಎಂದಲ್ಲ.

ಮರಾಠಿಯ ಮಾತು ಬಂದದ್ದಕ್ಕೆ ಇನ್ನೊಂದು ಪದ ಹೇಳಿ ಮುಂದೆ ಹೋಗುತ್ತೇನೆ. ಮರಾಠಿಯಲ್ಲಿ ‘ಸಂಚಾಲಕ’ ಅಂದರೆ ಡೈರೆಕ್ಟರ್. ಕನ್ನಡದಲ್ಲಿ ಸಂಚಾಲಕ ಅಂದರೆ ಸಮಿತಿಯನ್ನು ಕರೆಯುವವರು, ಕನ್ವೀನರ್. ‘ಕೋಆರ್ಡಿನೇಟರ್’ ಹುದ್ದೆಗೆ ಸಂಚಾಲಕ ಎಂದು ಹಾಕಿದರೆ ಬೆಂಗಳೂರಿನ ಅನುವಾದಕರಿಗೆ ಅದು ಸರಿಯಾಗಿಯೇ ಕಾಣುತ್ತದೆ. ಬೆಳಗಾವಿಯ ಶಾಖೆಯಲ್ಲಿ ಆ ಹುದ್ದೆಯಲ್ಲಿರುವ ಹುಡುಗಿ ನಿರ್ದೇಶಕಿಯಾಗಿಬಿಡುತ್ತಾಳೆ. ‘ಸಂಯೋಜಕರು’ ಎಂದರೆ ಈ ತೊಂದರೆ ಇಲ್ಲ.

ಈಗ ಮಟ್ಟದ ಪದಗಳು. ಇಲ್ಲಿ ತಪ್ಪಾದರೆ ಅರ್ಥದ ಜೊತೆಗೆ ಮರ್ಯಾದೆಯೂ ಏರುಪೇರಾಗುತ್ತದೆ, ಕೆಲವು ಕಡೆ ಕಾನೂನೂ ಅಡ್ಡ ಬರುತ್ತದೆ.

ಕಾನೂನಿನ ಪದದಿಂದ ಶುರುಮಾಡೋಣ. 2013ರ ಕಂಪನಿ ಕಾಯ್ದೆಯ ಪ್ರಕಾರ ಡೈರೆಕ್ಟರ್ ಅಂದರೆ ಕಂಪನಿಯ ಮಂಡಳಿಗೆ ನೇಮಕವಾದವರು. ಆದರೆ ಬಹುರಾಷ್ಟ್ರೀಯ ಕಂಪನಿಗಳಲ್ಲಿ ‘ಡೈರೆಕ್ಟರ್, ಎಂಜಿನಿಯರಿಂಗ್’ ಎಂಬುದು ಬರೀ ಒಂದು ದರ್ಜೆ. ಅವರು ಮಂಡಳಿಯಲ್ಲಿ ಇರುವುದಿಲ್ಲ. ಎರಡಕ್ಕೂ ‘ನಿರ್ದೇಶಕರು’ ಎಂದು ಬರೆದರೆ, ಸರ್ಕಾರಿ ಕಚೇರಿಗೆ ಹೋಗುವ ಕನ್ನಡ ಪತ್ರದ ಕೆಳಗೆ ‘ನಿರ್ದೇಶಕರು’ ಎಂದು ಸಹಿ ಬಿದ್ದಾಗ ಓದುವವರು ಅವರನ್ನು ಮಂಡಳಿಯ ಸದಸ್ಯರೆಂದೇ ತಿಳಿಯುತ್ತಾರೆ. ಹಾಗಾಗಿ ‘ನಿರ್ದೇಶಕರು’ ಮಂಡಳಿಯವರಿಗೆ ಮಾತ್ರ ಇರಲಿ. ದರ್ಜೆಯ ಡೈರೆಕ್ಟರ್‌ಗೆ ‘ವಿಭಾಗ ಮುಖ್ಯಸ್ಥರು – ಎಂಜಿನಿಯರಿಂಗ್’ ಎನ್ನಬಹುದು. ಚಾರ್ಟಿನಲ್ಲಿ ‘ಹೆಡ್’ ಎಂಬ ಬೇರೆ ದರ್ಜೆ ಇದ್ದರೆ ‘ಡೈರೆಕ್ಟರ್’ ಎಂದೇ ಕನ್ನಡ ಅಕ್ಷರದಲ್ಲಿ ಇಟ್ಟು, ಪಟ್ಟಿಯಲ್ಲಿ ‘ಮಂಡಳಿ ಸದಸ್ಯರಲ್ಲ’ ಎಂದು ಟಿಪ್ಪಣಿ ಹಾಕಿ.

ಇದೇ ಜಾತಿಯ ಇನ್ನೊಂದು ಪದ ‘ಎಚ್‌ಆರ್ ಬಿಸಿನೆಸ್ ಪಾರ್ಟ್‌ನರ್’. ಇದನ್ನು ‘ವ್ಯವಹಾರ ಪಾಲುದಾರರು’ ಎಂದು ಮಾಡಿದ್ದನ್ನು ನೀವೂ ಕಂಡಿರಬಹುದು. ನಮ್ಮ ಊರಿನಲ್ಲಿ ಪಾಲುದಾರ ಅಂದರೆ ಬಂಡವಾಳ ಹಾಕಿ ಲಾಭ ನಷ್ಟ ಹಂಚಿಕೊಳ್ಳುವವನು. 1932ರ ಪಾಲುದಾರಿಕೆ ಕಾಯ್ದೆಯಲ್ಲೂ ಪಾಲುದಾರರು ಅಂದರೆ ವ್ಯಾಪಾರದ ಲಾಭ ಹಂಚಿಕೊಳ್ಳಲು ಒಪ್ಪಿಕೊಂಡವರು. ಫೌಂಡ್ರಿ ನಡೆಸುವ ಅಣ್ಣತಮ್ಮಂದಿರ ಮನೆಯಲ್ಲಿ ಪಾಲುದಾರ ಎನ್ನುವುದು ದಿನವೂ ಆಡುವ ಮಾತು. ತಿಂಗಳ ಸಂಬಳದ ಮೇಲಿರುವ ಒಬ್ಬ ಎಚ್‌ಆರ್ ಅಧಿಕಾರಿಗೆ ಅದನ್ನು ಹಚ್ಚಬಾರದು. ಆ ಹುದ್ದೆಯಲ್ಲಿರುವವರು ಏನು ಮಾಡುತ್ತಾರೆ ಎಂದು ಕೇಳಿ. ಒಂದು ವಿಭಾಗಕ್ಕೆ ಬೇಕಾದ ನೇಮಕಾತಿ, ಬಡ್ತಿ, ದೂರುಗಳನ್ನು ನೋಡುತ್ತಾರೆ. ‘ಮಾನವ ಸಂಪನ್ಮೂಲ ಅಧಿಕಾರಿ – ಉತ್ಪಾದನೆ’ ಎಂದರೆ ಕೆಲಸ ಮುಗಿಯಿತು.

‘ಎಕ್ಸಿಕ್ಯೂಟಿವ್’ ಬಹಳ ಕಾಡುವ ಪದ. ನಿಘಂಟು ‘ಕಾರ್ಯನಿರ್ವಾಹಕ’ ಎನ್ನುತ್ತದೆ. ಸರ್ಕಾರದಲ್ಲಿ ಕಾರ್ಯನಿರ್ವಾಹಕ ಇಂಜಿನಿಯರ್ ಅಂದರೆ ಒಂದು ವಿಭಾಗಕ್ಕೇ ದೊಡ್ಡವರು. ತಾಲ್ಲೂಕು ಪಂಚಾಯಿತಿಯ ಕಾರ್ಯನಿರ್ವಾಹಕ ಅಧಿಕಾರಿ ತಾಲ್ಲೂಕಿಗೇ ಗೊತ್ತು. ಕಂಪನಿಯಲ್ಲಿ ‘ಅಕೌಂಟ್ಸ್ ಎಕ್ಸಿಕ್ಯೂಟಿವ್’ ಅಂದರೆ ಬಿಕಾಂ ಮುಗಿಸಿ ನಿನ್ನೆ ಮೊನ್ನೆ ಸೇರಿದವರು. ಒಂದೇ ಪದಕ್ಕೆ ಮೇಲ್ತುದಿಯೂ ಇದೆ, ಕೆಳತುದಿಯೂ ಇದೆ. ಬರೀ ‘ನಿರ್ವಾಹಕ’ ಎಂದು ಚಿಕ್ಕದು ಮಾಡಿದರೆ ನಮ್ಮ ಜನಕ್ಕೆ ಬಸ್ಸಿನ ಕಂಡಕ್ಟರ್ ನೆನಪಾಗುತ್ತಾರೆ. ಸಾರಿಗೆ ಸಂಸ್ಥೆ ಚಾಲಕ, ನಿರ್ವಾಹಕ ಎಂದು ಬಸ್ಸಿನಲ್ಲೇ ಬರೆದಿಟ್ಟಿದೆ. ನಾನು ಸೂಚಿಸುವುದು, ಮೇಲ್ತುದಿಗೆ ಮಾತ್ರ ‘ಕಾರ್ಯನಿರ್ವಾಹಕ’: ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿ, ಕಾರ್ಯನಿರ್ವಾಹಕ ನಿರ್ದೇಶಕರು. ಕೆಳಗಿನ ದರ್ಜೆಗೆ ‘ಎಕ್ಸಿಕ್ಯೂಟಿವ್’ ಎಂದೇ ಇರಲಿ. ಇಲ್ಲಿ ಒಂದು ಇಂಗ್ಲಿಷ್ ಪದಕ್ಕೆ ಎರಡು ಕನ್ನಡ ರೂಪ ಆಗುತ್ತವಲ್ಲ, ಮೊದಲ ನಿಯಮ ಮುರಿಯಿತಲ್ಲ ಎನ್ನುತ್ತೀರಿ. ಹೌದು. ಎರಡು ನಿಯಮಗಳು ಎದುರುಬದುರಾದರೆ ನಾನು ಎರಡನೆಯದರ ಪರ. ಓದುವವನ ಕೈಯಲ್ಲಿರುವುದು ಕನ್ನಡ ಪದ, ಅವನು ತಪ್ಪುದಾರಿಗೆ ಬೀಳಬಾರದು. ಪಟ್ಟಿಯಲ್ಲಿ ಎರಡು ಸಾಲು ಮಾಡಿ, ಯಾವುದು ಯಾವ ದರ್ಜೆಗೆ ಎಂದು ಬರೆದಿಟ್ಟರೆ ಸಾಕು.

‘ಅಸೋಸಿಯೇಟ್’ ಕೂಡ ಹೀಗೆಯೇ ಏಣಿಯನ್ನು ತಲೆಕೆಳಗು ಮಾಡುತ್ತದೆ. ಕಾಲೇಜುಗಳಲ್ಲಿ ಸಹಾಯಕ ಪ್ರಾಧ್ಯಾಪಕರಿಗಿಂತ ಸಹ ಪ್ರಾಧ್ಯಾಪಕರು ಮೇಲೆ. ವಿಟಿಯು ಇರುವ ಊರು ನಮ್ಮದು, ಇಲ್ಲಿನ ಎಂಜಿನಿಯರುಗಳಿಗೆ ಈ ಕ್ರಮ ಬಾಯಿಪಾಠ. ಕಂಪನಿಯ ‘ಪ್ರೊಡಕ್ಷನ್ ಅಸೋಸಿಯೇಟ್’ ಆದರೋ ಲೈನಿನಲ್ಲಿ ನಿಂತು ಕೆಲಸ ಮಾಡುವವರು. ‘ಉತ್ಪಾದನಾ ಸಹವರ್ತಿ’ ಎಂದು ಬರೆದರೆ ಯಾರಿಗೂ ಏನೂ ತಿಳಿಯುವುದಿಲ್ಲ. ‘ಆಪರೇಟರ್’ ಎನ್ನಿ, ಅಥವಾ ಆಪರೇಟರ್ ಬೇರೆ ದರ್ಜೆಯಾಗಿದ್ದರೆ ‘ಉತ್ಪಾದನಾ ಸಿಬ್ಬಂದಿ’.

ಡೆಪ್ಯುಟಿಗೆ ಉಪ, ಅಸಿಸ್ಟೆಂಟ್‌ಗೆ ಸಹಾಯಕ, ಸೀನಿಯರ್‌ಗೆ ಹಿರಿಯ, ಚೀಫ್‌ಗೆ ಮುಖ್ಯ. ಇವುಗಳ ಬಗ್ಗೆ ಜಗಳವಿಲ್ಲ. ಜಗಳ ಇರುವುದು ‘ಪ್ರಧಾನ’ದ ಹತ್ತಿರ. ಕಾರ್ಮಿಕ ಸಂಘದ ಜನರಲ್ ಸೆಕ್ರೆಟರಿಯೂ ಪ್ರಧಾನ ಕಾರ್ಯದರ್ಶಿ, ವಿಧಾನಸೌಧದ ಪ್ರಿನ್ಸಿಪಲ್ ಸೆಕ್ರೆಟರಿಯೂ ಪ್ರಧಾನ ಕಾರ್ಯದರ್ಶಿ. ಜನರಲ್, ಪ್ರಿನ್ಸಿಪಲ್ ಎರಡನ್ನೂ ಈ ಪದ ಹೊತ್ತುಕೊಂಡಿದೆ. ನಿಮ್ಮ ಚಾರ್ಟಿನಲ್ಲಿ ಜನರಲ್ ಮ್ಯಾನೇಜರ್ ಮಾತ್ರ ಇದ್ದರೆ ‘ಪ್ರಧಾನ ವ್ಯವಸ್ಥಾಪಕರು’ ಚೆನ್ನಾಗಿಯೇ ಇದೆ. ಪ್ರಿನ್ಸಿಪಲ್ ಎಂಜಿನಿಯರ್ ಎಂಬ ದರ್ಜೆಯೂ ಇದ್ದರೆ ಅವರಿಗೆ ‘ಪ್ರಧಾನ’ ಕೊಟ್ಟು, ಜನರಲ್ ಮ್ಯಾನೇಜರ್‌ಗೆ ‘ಮಹಾ ವ್ಯವಸ್ಥಾಪಕರು’ ಎನ್ನಿ. ಮರಾಠಿಯಲ್ಲೂ ಅದೇ ಇರುವುದರಿಂದ ಈ ಭಾಗದಲ್ಲಿ ಕಿವಿಗೆ ಹೊಸದೆನಿಸುವುದಿಲ್ಲ.

ಕಾನೂನೇ ಹೆಸರಿಟ್ಟ ಹುದ್ದೆ, ಸಮಿತಿಗಳಲ್ಲಿ ನಮ್ಮ ರುಚಿಗೆ ಜಾಗವಿಲ್ಲ. ಕಲ್ಯಾಣ ಅಧಿಕಾರಿಯನ್ನು ‘ಯೋಗಕ್ಷೇಮ ಅಧಿಕಾರಿ’ ಮಾಡಬೇಡಿ. ಹೆಣ್ಣುಮಕ್ಕಳ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯ ಸಮಿತಿಗೆ ಮೊದಲು ಆಂತರಿಕ ದೂರು ಸಮಿತಿ ಎಂಬ ಹೆಸರಿತ್ತು, 2016ರ ತಿದ್ದುಪಡಿಯಲ್ಲಿ ಅದು ಆಂತರಿಕ ಸಮಿತಿ ಆಯಿತು. ಹಳೆಯ ಹೆಸರಿನ ಫಲಕ ಇನ್ನೂ ಎಷ್ಟೋ ಗೋಡೆಗಳ ಮೇಲಿದೆ.

ಗುಣಮಟ್ಟದ ವಿಭಾಗಕ್ಕೆ ಬರೋಣ. ಅಶ್ಯೂರನ್ಸ್ ಮತ್ತು ಕಂಟ್ರೋಲ್ ಎರಡೂ ಇರುವ ಶಾಖೆಗಳಲ್ಲಿ ಇವನ್ನು ಬೇರೆ ಮಾಡಲೇಬೇಕು. ಐಎಸ್‌ಒ 9000ದ ಪ್ರಕಾರ ಕಂಟ್ರೋಲ್ ಅಂದರೆ ಗುಣಮಟ್ಟದ ಬೇಡಿಕೆಗಳನ್ನು ಪೂರೈಸುವುದರ ಕಡೆ ಗಮನ, ಅಶ್ಯೂರನ್ಸ್ ಅಂದರೆ ಅವು ಪೂರೈಕೆಯಾಗುತ್ತವೆ ಎಂಬ ನಂಬಿಕೆ ಕೊಡುವುದರ ಕಡೆ ಗಮನ. ಹಾಗಾಗಿ ‘ಗುಣಮಟ್ಟ ನಿಯಂತ್ರಣ’, ‘ಗುಣಮಟ್ಟ ಭರವಸೆ’. ‘ಖಾತರಿ’ ಎಂದೂ ಬರೆಯುತ್ತಾರೆ, ಉದ್ಯೋಗ ಖಾತರಿಯಿಂದಾಗಿ ಆ ಪದ ಹಳ್ಳಿಹಳ್ಳಿಗೂ ಗೊತ್ತು. ಆದರೆ ಮಾರಿದ ಸಾಮಾನಿಗೆ ಕೊಡುವ ಗ್ಯಾರಂಟಿ, ವಾರಂಟಿಗೆ ಅದು ಬೇಕಾಗುತ್ತದೆ. ಗ್ರಾಹಕ ಸೇವೆಯ ವಿಭಾಗ ಅದನ್ನು ಬಳಸುವುದರಿಂದ ಇಲ್ಲಿ ಬಿಟ್ಟುಬಿಡುವುದೇ ಒಳ್ಳೆಯದು. ಇನ್ನು ‘ಕ್ವಾಲಿಟಿ ಆಡಿಟರ್’ ಅನ್ನು ‘ಗುಣಮಟ್ಟ ಲೆಕ್ಕಪರಿಶೋಧಕರು’ ಎಂದು ಮಾಡಿದ್ದರೆ ಇವತ್ತೇ ತಿದ್ದಿ. ಅವರು ನೋಡುವುದು ಲೆಕ್ಕವನ್ನಲ್ಲ, ಕೆಲಸ ಮಾಡುವ ವಿಧಾನವನ್ನು. ‘ಗುಣಮಟ್ಟ ಪರಿಶೋಧಕರು’ ಎನ್ನಿ, ಲೆಕ್ಕ ನೋಡುವವರಿಗೆ ಮಾತ್ರ ಲೆಕ್ಕಪರಿಶೋಧಕರು.

ಪದಗಳು ಸಿಕ್ಕವು. ಅವನ್ನು ಜೋಡಿಸುವುದು ಹೇಗೆ? ಇಂಗ್ಲಿಷಿನಲ್ಲಿ ಕ್ವಾಲಿಟಿ ಎಂಜಿನಿಯರ್ ಎಂದರೆ ಮುಗಿಯಿತು. ಕನ್ನಡದಲ್ಲಿ ‘ಗುಣಮಟ್ಟದ ಇಂಜಿನಿಯರ್’ ಎಂದರೆ ಒಳ್ಳೆಯ ದರ್ಜೆಯ ಇಂಜಿನಿಯರ್ ಎಂದು ಹೊಗಳಿದ ಹಾಗಾಗುತ್ತದೆ. ‘ಹಿರಿಯ ಗುಣಮಟ್ಟ ಇಂಜಿನಿಯರ್’ ಎಂದರೆ ಹಿರಿಯ ಎಂಬುದು ಗುಣಮಟ್ಟಕ್ಕೆ ಅಂಟಿಕೊಳ್ಳುತ್ತದೆ. ‘ಉಪ ಭದ್ರತಾ ವ್ಯವಸ್ಥಾಪಕರು’ ಎಂದರೆ ಭದ್ರತೆಯೇ ಉಪ ಆಗಿಬಿಡುತ್ತದೆ. ಜೊತೆಗೆ ಸುರಕ್ಷತೆ, ಸುರಕ್ಷತಾ; ಉತ್ಪಾದನೆ, ಉತ್ಪಾದನಾ; ಖರೀದಿ, ಖರೀದಿಯ ಎಂಬ ರೂಪಭೇದಗಳು ಒಬ್ಬೊಬ್ಬರ ಕೈಯಲ್ಲಿ ಒಂದೊಂದು ಬಗೆಯಾಗುತ್ತವೆ.

ಇದಕ್ಕೆ ಸರ್ಕಾರಿ ಕಚೇರಿಗಳು ಎಂದೋ ಪರಿಹಾರ ಕಂಡುಕೊಂಡಿವೆ. ‘ಸಹಾಯಕ ಕಾರ್ಯನಿರ್ವಾಹಕ ಇಂಜಿನಿಯರ್ (ವಿದ್ಯುತ್)’ ಎಂದು ಬರೆಯುತ್ತಾರೆ. ಮೊದಲು ಮಟ್ಟ, ಆಮೇಲೆ ಹುದ್ದೆ, ಕೊನೆಗೆ ಬೇರೆಯಾಗಿ ಕೆಲಸ. ಅದನ್ನೇ ತೆಗೆದುಕೊಳ್ಳಿ: ‘ಹಿರಿಯ ಇಂಜಿನಿಯರ್ – ಗುಣಮಟ್ಟ ಭರವಸೆ’, ‘ಉಪ ವ್ಯವಸ್ಥಾಪಕರು – ಯಂತ್ರ ಪಾಲನೆ’. ಅಡ್ಡಗೆರೆ ಹಾಕಿದ ಕೂಡಲೇ ಸಮಾಸದ ತಲೆನೋವು ಹೋಗುತ್ತದೆ. ಕೆಲಸದ ಪದ ಯಾವಾಗಲೂ ಮೂಲ ರೂಪದಲ್ಲೇ ನಿಲ್ಲುತ್ತದೆ, ಹುಡುಕಿದರೆ ಸಿಗುತ್ತದೆ. ಸುರಕ್ಷತಾ ಅಧಿಕಾರಿಯ ಹಾಗೆ ಈಗಾಗಲೇ ಒಟ್ಟಿಗೆ ಬೆಸೆದುಕೊಂಡಿರುವ ಹೆಸರುಗಳನ್ನು ಮಾತ್ರ ಹಾಗೇ ಬಿಡಿ.

ಹೆಣ್ಣು, ಗಂಡು ರೂಪದ ಪ್ರಶ್ನೆಯೂ ಇಲ್ಲೇ ಬರುತ್ತದೆ. ವ್ಯವಸ್ಥಾಪಕ, ವ್ಯವಸ್ಥಾಪಕಿ ಎಂದು ಎರಡು ಬರೆದರೆ ಜನ ಬದಲಾದಾಗಲೆಲ್ಲ ಚಾರ್ಟ್ ಬದಲಾಗಬೇಕು. ‘ವ್ಯವಸ್ಥಾಪಕರು’, ‘ಮೇಲ್ವಿಚಾರಕರು’ ಎಂಬ ಗೌರವದ ರೂಪ ಇಬ್ಬರಿಗೂ ಆಗುತ್ತದೆ. ಅಧಿಕಾರಿ, ಇಂಜಿನಿಯರ್, ಆಪರೇಟರ್ ಇವುಗಳಲ್ಲಿ ಲಿಂಗವಿಲ್ಲ, ಹಾಗೇ ಇರಲಿ. ‘ಅಧಿಕಾರಿಗಳು’ ಎಂದು ಮಾಡಿದರೆ ಒಬ್ಬರೋ ನಾಲ್ವರೋ ಎಂದು ಚಾರ್ಟಿನಲ್ಲಿ ತಿಳಿಯುವುದಿಲ್ಲ. ಒಂದು ಎಚ್ಚರಿಕೆ: ಈ ಗೌರವವನ್ನು ಮೇಲಿನ ಹುದ್ದೆಗಳಿಗೆ ಕೊಟ್ಟು ‘ಕಾವಲುಗಾರ’, ‘ಸಹಾಯಕ’ ಎಂದು ಕೆಳಗಿನವರನ್ನು ಏಕವಚನದಲ್ಲಿ ಬಿಟ್ಟ ಚಾರ್ಟುಗಳಿವೆ. ಒಂದೇ ಹಾಳೆಯಲ್ಲಿ ಇದು ಕಣ್ಣಿಗೆ ಚುಚ್ಚುತ್ತದೆ. ರು ಹಾಕುವುದಾದರೆ ಗೇಟಿನವರೆಗೂ ಹಾಕಿ.

ಪಟ್ಟಿ ಇಡುವ ಬಗೆ ಸರಳ. ಎಕ್ಸೆಲ್ ಹಾಳೆಯಲ್ಲಿ ಐದು ಕಂಬಸಾಲು ಸಾಕು: ಇಂಗ್ಲಿಷ್ ಪದ, ಕನ್ನಡ ಪದ, ಎಲ್ಲಿ ಬಳಸಬೇಕು, ಬಳಸಬಾರದ ಪದ, ಗೊತ್ತುಮಾಡಿದ ದಿನಾಂಕ. ನಾಲ್ಕನೆಯದನ್ನು ಬಿಡಬೇಡಿ. ‘ಯಂತ್ರ ಪಾಲನೆ’ಯ ಎದುರಿಗೆ ‘ನಿರ್ವಹಣೆ, ದುರಸ್ತಿ ಬೇಡ’ ಎಂದು ಬರೆದಿಲ್ಲದಿದ್ದರೆ ಹೊಸ ಅನುವಾದಕರು ಬಂದಾಗ ಅವೇ ಮತ್ತೆ ಒಳಗೆ ಬರುತ್ತವೆ. ಕನ್ನಡ ಕಂಬಸಾಲನ್ನು ಅಕಾರಾದಿಯಾಗಿ ಜೋಡಿಸಿ ಒಮ್ಮೆ ನೋಡಿ. ಒಂದೇ ಪದ ಎರಡು ಸಲ ಬಂದಿದ್ದರೆ ಅಲ್ಲೇ ಪಕ್ಕಪಕ್ಕ ಕೂತಿರುತ್ತದೆ. ‘ಯೋಜನೆ’ ಖಂಡಿತ ಹೀಗೆ ಸಿಕ್ಕಿಬೀಳುತ್ತದೆ. ಪ್ಲಾನಿಂಗ್‌ಗೂ ಅದೇ, ಪ್ರಾಜೆಕ್ಟ್‌ಗೂ ಅದೇ. ಪ್ಲಾನಿಂಗ್‌ಗೆ ಯೋಜನೆ, ಪ್ರಾಜೆಕ್ಟ್‌ಗೆ ಪ್ರಾಜೆಕ್ಟ್ ಎಂದು ಮುಗಿಸಿ.

ಕಾಗುಣಿತವೂ ಒಂದೇ ಇರಬೇಕು. ಇಂಜಿನಿಯರ್, ಎಂಜಿನಿಯರ್ ಎರಡೂ ಸರಿ. ಮಾತಿನಲ್ಲಿ ನಾನೂ ಎರಡನ್ನೂ ಆಡಿದ್ದೇನೆ, ಪಟ್ಟಿಯಲ್ಲಿ ಮಾತ್ರ ಒಂದೇ ಇರಲಿ. ಕಣ್ಣಿಗೆ ಕಾಣದ ಒಂದು ದೋಷವಿದೆ, ಅದು ಅರ್ಧ ದಿನ ತಿನ್ನುತ್ತದೆ. ‘ಇಂಜಿನಿಯರ್‌ಗೆ’ ಎಂಬಲ್ಲಿ ರ್ ಮತ್ತು ಗೆ ಒತ್ತಕ್ಷರವಾಗಿ ಕೂಡದಿರಲೆಂದು ನಡುವೆ U+200C ಎಂಬ ಅಗೋಚರ ಅಕ್ಷರ ಇರುತ್ತದೆ. ‘ಗೆ’ ಅಳಿಸಿ ಪದವನ್ನು ಪಟ್ಟಿಗೆ ಅಂಟಿಸಿದರೆ ಆ ಅಕ್ಷರ ಬಾಲದಲ್ಲಿ ಉಳಿದುಬಿಡುತ್ತದೆ. ನೋಡಲು ಎರಡೂ ಒಂದೇ, ಕಂಪ್ಯೂಟರಿಗೆ ಅವು ಎರಡು ಬೇರೆ ಪದ, ಹುಡುಕಿದಾಗ ಒಂದು ಸಿಗದೆ ಹೋಗಬಹುದು. ಉದ್ದ ಎಣಿಸಿದರೆ ಗೊತ್ತಾಗುತ್ತದೆ. ‘ಇಂಜಿನಿಯರ್’ಗೆ 9 ಬರಬೇಕು, 10 ಬಂದರೆ ಬಾಲ ಇದೆ. ಒಂದೇ ಪದವಿರುವ ಸಾಲುಗಳಲ್ಲಿ ಎರಡನೆಯ ಸೂತ್ರ ಅದನ್ನು ತೆಗೆಯುತ್ತದೆ:

```
=LEN(B2)
=SUBSTITUTE(B2,UNICHAR(8204),"")
```

ಪದದ ನಡುವೆ ಅದು ಬೇಕೇಬೇಕಾದ ‘ಬ್ರೇಕ್‌ಡೌನ್’ನಂಥ ಸಾಲುಗಳಿಗೆ ಈ ಎರಡನೆಯ ಸೂತ್ರ ಹಚ್ಚಬೇಡಿ, ಒತ್ತಕ್ಷರವಾಗಿ ಕೂಡಿಕೊಳ್ಳುತ್ತದೆ.

ಫಲಕ ಬರೆಸುವ ಮೊದಲು ಇನ್ನೊಂದು ಪರೀಕ್ಷೆ ಮಾಡಿ. ಇಂಗ್ಲಿಷ್ ಕಂಬಸಾಲನ್ನು ಮುಚ್ಚಿ, ಕನ್ನಡ ಹೆಸರುಗಳನ್ನು ಮಾತ್ರ ಮೂರು ಜನಕ್ಕೆ ಕೊಡಿ: ಲೈನಿನ ಒಬ್ಬ ಆಪರೇಟರ್, ಗೇಟಿನವರು ಒಬ್ಬರು, ಮರಾಠಿ ಮನೆಮಾತಿನವರು ಒಬ್ಬರು. ‘ಇವರ ಕೋಣೆ ಎಲ್ಲಿದೆ, ಇವರಿಗಿಂತ ಮೇಲೆ ಯಾರು?’ ಎಂದು ಕೇಳಿ. ಅರ್ಥ ಕೇಳಬೇಡಿ, ಅರ್ಥ ಕೇಳಿದರೆ ಎಲ್ಲರೂ ಗೊತ್ತು ಎನ್ನುತ್ತಾರೆ. ಬೆರಳು ಬೇರೆ ಕೋಣೆಯ ಕಡೆ ಹೋದರೆ ಆ ಪದ ಮತ್ತೆ ಪಟ್ಟಿಗೆ ಬರಬೇಕು.

ಕೊನೆಯದಾಗಿ, ವಿದೇಶದ ಮುಖ್ಯ ಕಚೇರಿ ಹೆಸರು ಬದಲಾಯಿಸಿದಾಗ ಏನು ಮಾಡಬೇಕು ಎಂಬುದು. ಹ್ಯೂಮನ್ ರಿಸೋರ್ಸಸ್ ಎಂದಿದ್ದದ್ದು ‘ಪೀಪಲ್ ಅಂಡ್ ಕಲ್ಚರ್’ ಆಗಿ ಬರುತ್ತದೆ. ‘ಜನ ಮತ್ತು ಸಂಸ್ಕೃತಿ ವಿಭಾಗ’ ಎಂದು ಫಲಕ ಹಾಕಿದರೆ ಅದು ಸರ್ಕಾರದ ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಕಚೇರಿಯ ಹಾಗೆ ಕೇಳುತ್ತದೆ. ಆ ಕೋಣೆಯಲ್ಲಿ ಕೆಲಸ ಬದಲಾಗಿದೆಯೇ ಎಂದು ಮೊದಲು ನೋಡಿ. ರಜೆ, ಸಂಬಳ, ನೇಮಕಾತಿ ಮೊದಲಿನ ಹಾಗೇ ಅಲ್ಲೇ ನಡೆಯುತ್ತಿದ್ದರೆ ಕನ್ನಡದಲ್ಲಿ ‘ಮಾನವ ಸಂಪನ್ಮೂಲ ವಿಭಾಗ’ ಹಾಗೇ ಇರಲಿ. ಪಟ್ಟಿಯ ಇಂಗ್ಲಿಷ್ ಕಂಬಸಾಲಿನಲ್ಲಿ ಹೊಸ ಹೆಸರು ಸೇರಿಸಿ, ದಿನಾಂಕ ಹಾಕಿ, ಕನ್ನಡ ಕಂಬಸಾಲನ್ನು ಮುಟ್ಟಬೇಡಿ.